‘ನೆನೆಸಿದ ನವಣೆ 1 ಕಪ್’: ಕಿರುವಿಡಿಯೊ ಪಾಕಪಠ್ಯದಲ್ಲಿ ಕೃದಂತ, ವಿಧ್ಯರ್ಥ ಮತ್ತು ಅಡಗಿದ ಕಾಲ

1. ಪಠ್ಯ ಮತ್ತು ಪ್ರಶ್ನೆ

ಮೊಬೈಲ್ ತೆರೆಯ ಮೇಲೆ ಬರುವ ಕನ್ನಡದ ಬಗ್ಗೆ ನಡೆಯುವ ಚರ್ಚೆ ಬಹುಮಟ್ಟಿಗೆ ಎರಡು ದೂರುಗಳಲ್ಲಿ ಮುಗಿದುಹೋಗುತ್ತದೆ. ಕಾಗುಣಿತ ಸರಿಯಿಲ್ಲ ಎಂಬುದು ಒಂದು, ಇಂಗ್ಲಿಷ್ ಬೆರಕೆ ಹೆಚ್ಚಾಯಿತು ಎಂಬುದು ಇನ್ನೊಂದು. ಈ ಎರಡು ದೂರುಗಳೂ ಪದಗಳ ಮಟ್ಟದಲ್ಲಿಯೇ ನಿಲ್ಲುತ್ತವೆ. ಪಠ್ಯವು ತಾನು ಮಾಡಬೇಕಾದ ಕೆಲಸವನ್ನು ಮಾಡುತ್ತಿದೆಯೇ ಎಂಬ ಪ್ರಶ್ನೆಯನ್ನು ಕೇಳಬೇಕಾದರೆ ಕ್ರಿಯಾರೂಪಗಳ ಮಟ್ಟಕ್ಕೆ ಇಳಿಯಬೇಕಾಗುತ್ತದೆ. ಪ್ರಸ್ತುತ ಲೇಖನವು ಒಂದೇ ಒಂದು ಪಠ್ಯವನ್ನು ಎದುರಿಗಿಟ್ಟುಕೊಂಡು ಆ ಮಟ್ಟದ ವಿಮರ್ಶೆಯನ್ನು ಮಾಡಲು ಯತ್ನಿಸುತ್ತದೆ.

ಪಠ್ಯ ಇದು: ಒಂದು ನಿಮಿಷಕ್ಕಿಂತ ಕಡಮೆ ಅವಧಿಯ, ಉದ್ದನೆಯ ಚೌಕಟ್ಟಿನ, ನವಣೆ ಉಪ್ಪಿಟ್ಟು ಮಾಡುವುದನ್ನು ತೋರಿಸುವ ವಿಡಿಯೊ. ಇದರಲ್ಲಿ ಮಾತಿಲ್ಲ, ಹಿನ್ನೆಲೆ ಸಂಗೀತ ಮಾತ್ರ ಇದೆ. ಹೇಳಬೇಕಾದುದೆಲ್ಲ ತೆರೆಯ ಮೇಲಿನ ಬರಹದಲ್ಲಿಯೂ ವಿಡಿಯೊದ ಕೆಳಗಿನ ಕ್ಯಾಪ್ಷನ್‌ನಲ್ಲಿಯೂ ಇದೆ. ಮಾಡಿದವರ ಹೆಸರು ಇಲ್ಲಿ ಅಗತ್ಯವಿಲ್ಲ. ಈ ಬಗೆಯ ವಿಡಿಯೊಗಳನ್ನು ನೋಡುವವರಿಗೆ ಈ ಬರಹದ ಧಾಟಿ ಪರಿಚಿತವಾದುದೇ. ಒಂದೊಂದು ದೃಶ್ಯದ ಮೇಲೆ ಬರುವ ಬರಹವನ್ನು ‘ಫಲಕ’ ಎಂದು ಕರೆದರೆ, ಇದರಲ್ಲಿರುವ ಫಲಕಗಳು ಒಂಬತ್ತು:

(1) 10 ನಿಮಿಷದಲ್ಲಿ ಸಿರಿಧಾನ್ಯ ಉಪ್ಪಿಟ್ಟು
(2) ನೆನೆಸಿದ ನವಣೆ 1 ಕಪ್
(3) ಎಣ್ಣೆ, ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ ಹಾಕಿ
(4) ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಫ್ರೈ ಮಾಡಿ
(5) ಕ್ಯಾರೆಟ್, ಬೀನ್ಸ್ ಆಡ್ ಮಾಡಿ
(6) ನೀರು 2 ಕಪ್, ಉಪ್ಪು ಹಾಕಿ ಕುದಿಸಿ
(7) ನವಣೆ ಹಾಕಿ ಮಿಕ್ಸ್ ಮಾಡಿ
(8) ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ
(9) 5 ನಿಮಿಷ ಮುಚ್ಚಿ ಬಿಡಿ

ಕ್ಯಾಪ್ಷನ್ ಹೀಗಿದೆ: “ಬೆಳಗ್ಗೆ ತಿಂಡಿ ಮಾಡೋಕೆ ಟೈಮ್ ಇಲ್ವಾ? ಹಾಗಿದ್ರೆ ಈ ಹೆಲ್ತಿ ಉಪ್ಪಿಟ್ಟು ಒಮ್ಮೆ ಟ್ರೈ ಮಾಡಿ ನೋಡಿ. 1 ಕಪ್ ನವಣೆಯನ್ನು ಎರಡು ಮೂರು ಸಲ ತೊಳೆದು 2 ಗಂಟೆ ನೆನೆಸಿಟ್ಟುಕೊಂಡಿರಬೇಕು. ಒಗ್ಗರಣೆ, ತರಕಾರಿ ಆದ ಮೇಲೆ 2 ಕಪ್ ನೀರು ಕುದಿಸಿ, ನವಣೆಯನ್ನು ಹಾಕಿ, ಸಣ್ಣ ಉರಿಯಲ್ಲಿ 10-12 ನಿಮಿಷ ಬೇಯಿಸಿ, ಸ್ಟವ್ ಆಫ್ ಮಾಡಿ 5 ನಿಮಿಷ ಮುಚ್ಚಿಡಬೇಕು.”

ಕ್ಯಾಪ್ಷನ್ ಹೇಳುವ ಪಾಕವಿಧಾನ ಸರಿಯಾದುದೇ. ಎರಡು ಗಂಟೆ ನೆನೆದ ನವಣೆಗೆ ಅಳತೆಯ ಎರಡರಷ್ಟು ನೀರು, ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ, ಆಮೇಲೆ ಮುಚ್ಚಳ ತೆಗೆಯದೆ ಐದು ನಿಮಿಷ ಎಂದರೆ ಕಾಳು ಬಿಡಿಬಿಡಿಯಾಗಿ ಬೇಯುತ್ತದೆ. ಆದರೆ ಒಂಬತ್ತು ಫಲಕಗಳನ್ನಷ್ಟೇ ಓದಿ ಒಲೆ ಹೊತ್ತಿಸಿದವರಿಗೆ ಆ ಉಪ್ಪಿಟ್ಟು ಸಿಗಲಾರದು. ಅವರಿಗೆ ಸಿಗುವುದು, ಹಲ್ಲಿಗೆ ಕಟಕಟ ಎನ್ನುವ, ಬೆರಳಲ್ಲಿ ಒತ್ತಿದರೆ ನಡುವೆ ಬಿಳಿಯ ಚುಕ್ಕೆ ಉಳಿದಿರುವ ಕಾಳು ಮತ್ತು ಬಾಣಲೆಯ ತಳದಲ್ಲಿ ನಿಂತ ನೀರು. ಒಂದೇ ಕೈ ಬರೆದ ಎರಡು ಪಠ್ಯಗಳು ಎರಡು ಬೇರೆ ಅಡುಗೆಗಳನ್ನು ಹೇಳುವುದು ಹೇಗೆ? ಈ ವ್ಯತ್ಯಾಸದ ಮೂಲ ಎರಡು ಕ್ರಿಯಾರೂಪಗಳಲ್ಲಿದೆ ಎಂಬುದು ನನ್ನ ವಾದ. ಎರಡನೆಯ ಫಲಕದ ‘-ದ’ ಒಂದು. ಎಂಟನೆಯ ಫಲಕದ ‘-ಇ’ ಮತ್ತೊಂದು.

2. ‘ನೆನೆಸಿದ’: ವಿಶೇಷಣದಲ್ಲಿ ಅಡಗಿದ ಎರಡು ಗಂಟೆ

‘ನೆನೆಸಿದ ನವಣೆ 1 ಕಪ್’ ಎಂಬಲ್ಲಿ ಕ್ರಿಯಾಪದವಿಲ್ಲ. ಅದು ಸಾಮಗ್ರಿಗಳ ಪಟ್ಟಿಯ ಒಂದು ಸಾಲು, ಅಂದರೆ ಒಂದು ನಾಮಪದ ಪುಂಜ. ಆದರೆ ಆ ಪುಂಜದೊಳಗೆ ಒಂದು ಕ್ರಿಯೆ ಕುಳಿತಿದೆ. ‘ನೆನೆಸಿದ’ ಎಂಬ ಕೃದಂತ ವಿಶೇಷಣವು ಆ ಕ್ರಿಯೆಯನ್ನು ಆಗಿಹೋದ ಸಂಗತಿಯೆಂದು ಒಪ್ಪಿಕೊಂಡೇ ಮುಂದೆ ಸಾಗುತ್ತದೆ. ಇದನ್ನು ನಿಷೇಧದ ಪರೀಕ್ಷೆಯಿಂದ ತೋರಿಸಬಹುದು. ‘ನೆನೆಸಿದ ನವಣೆ ಬೇಡ’ ಎಂದರೂ ನವಣೆಯನ್ನು ನೆನೆಸಲಾಗಿದೆ ಎಂಬ ಪೂರ್ವಕಲ್ಪನೆ ಹಾಗೆಯೇ ಉಳಿಯುತ್ತದೆ. ‘ನವಣೆ ನೆನೆಸಬೇಡಿ’ ಎಂದಾಗ ಉಳಿಯುವುದಿಲ್ಲ. ವಿಶೇಷಣದ ಸ್ಥಾನಕ್ಕೆ ಸರಿದ ಕ್ರಿಯೆಯು ಹೇಳಿಕೆಯಾಗಿ ಉಳಿಯದೆ ಹಿನ್ನೆಲೆಗೆ ಸೇರಿಬಿಡುತ್ತದೆ. ಓದುಗನು ಅದನ್ನು ಮಾಡಬೇಕಾದ ಕೆಲಸವೆಂದು ಎಣಿಸುವುದಿಲ್ಲ.

ಮೊದಲ ಫಲಕದ ‘10 ನಿಮಿಷ’ ನಿಂತಿರುವುದು ಈ ಸ್ಥಾನಾಂತರದ ಮೇಲೆ. ನೆನೆಸುವುದನ್ನು ಪೂರ್ಣ ಕ್ರಿಯಾಪದವಾಗಿ ಒಂದು ಫಲಕದಲ್ಲಿ ಹೇಳಿದ್ದರೆ ಅದು ವಿಧಾನದ ಒಂದು ಹಂತವಾಗುತ್ತಿತ್ತು. ಹಂತವಾದರೆ ಅದರ ಕಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತಿತ್ತು. ಕ್ರಿಯೆ ಸಾಮಗ್ರಿಯಾದೊಡನೆ ಅದರ ಕಾಲ ಲೆಕ್ಕದಿಂದ ಹೊರಗುಳಿಯುತ್ತದೆ. ಇದಕ್ಕೆ ಕನ್ನಡದ ವ್ಯಾಕರಣವನ್ನು ದೂರುವಂತಿಲ್ಲ. ಕೃದಂತ ವಿಶೇಷಣವು ತನ್ನ ಕಾಲವಾಚಕವನ್ನು ಜೊತೆಗೇ ಹೊತ್ತು ಬರಬಲ್ಲುದು: ‘2 ಗಂಟೆ ನೆನೆಸಿದ ನವಣೆ 1 ಕಪ್’ ಎಂಬುದು ಸುಸಂಗತವಾದ ಕನ್ನಡ. ಸ್ಥಳವೂ ಇತ್ತು, ಮೂರನೆಯ ಫಲಕ ಇದಕ್ಕಿಂತ ಉದ್ದವಾಗಿದೆ. ಭಾಷೆ ಕೊಟ್ಟ ಅವಕಾಶವನ್ನು ಬರೆದವರು ಬಿಟ್ಟಿದ್ದಾರೆ.

ಇದೇ ಫಲಕದಲ್ಲಿ ಇನ್ನೊಂದು ತೊಡಕಿದೆ. ಕಪ್ಪಿನ ಅಳತೆ ನೆನೆಸುವ ಮೊದಲಿನದೋ ನೆನೆಸಿದ ಮೇಲಿನದೋ? ಕೆಳಗಿನ ಮೂರು ರೂಪಗಳನ್ನು ಹೋಲಿಸಿ ನೋಡಬಹುದು:

(ಅ) ನೆನೆಸಿದ ನವಣೆ 1 ಕಪ್
(ಆ) ನೆನೆಸಿದ 1 ಕಪ್ ನವಣೆ
(ಇ) ನವಣೆ 1 ಕಪ್, ನೆನೆಸಿದ್ದು

(ಅ)ದಲ್ಲಿ ಅಳತೆಯು ‘ನೆನೆಸಿದ ನವಣೆ’ ಎಂಬ ಇಡೀ ಪುಂಜಕ್ಕೆ ಅನ್ವಯಿಸುತ್ತದೆ. ಆದ್ದರಿಂದ ನೀರು ಬಸಿದ ಮೇಲೆ ಅಳೆಯಬೇಕೆಂಬ ಅರ್ಥ ಪ್ರಧಾನವಾಗುತ್ತದೆ. (ಆ)ದಲ್ಲಿ ವಿಶೇಷಣವು ‘1 ಕಪ್ ನವಣೆ’ಯ ಹೊರಗೆ ನಿಂತಿದೆ; ಅಳೆದ ನವಣೆಯನ್ನು ನೆನೆಸಲಾಗಿದೆ ಎಂಬ ಅರ್ಥದ ಕಡೆಗೆ ಒಲವು ಹೆಚ್ಚು. (ಇ)ಯಲ್ಲಿ ‘ನೆನೆಸಿದ್ದು’ ಎಂಬ ಕೃದಂತನಾಮ ಅಳತೆಯ ನಂತರ ಬರುವುದರಿಂದ ಸಂದಿಗ್ಧತೆ ಬಹುಪಾಲು ನಿವಾರಣೆಯಾಗುತ್ತದೆ: ಮೊದಲು ಅಳತೆ, ಆಮೇಲೆ ನೆನೆಸುವಿಕೆ. ವಿಶೇಷಣವು ವಿಶೇಷ್ಯದ ಹಿಂದೆ ಮಾತ್ರ ಬರುವ ಕನ್ನಡದಂತಹ ಭಾಷೆಯಲ್ಲಿ ಈ ಭೇದವನ್ನು ತೋರಿಸಲು ಸಾಧ್ಯವಿಲ್ಲವೆಂದು ಹೇಳುವುದುಂಟು. ಪದಕ್ರಮ ಮತ್ತು ಕೃದಂತನಾಮ ಎರಡೂ ಆ ಕೆಲಸಕ್ಕೆ ಒದಗುತ್ತವೆ ಎಂಬುದನ್ನು ಮೇಲಿನ ಮೂರು ಸಾಲುಗಳು ತೋರಿಸುತ್ತವೆ.

ಈ ಭೇದ ಬರಿಯ ವಾಕ್ಯರಚನೆಯದಲ್ಲ. ನೆನೆದ ಕಾಳು ಉಬ್ಬಿರುತ್ತದೆ. ಒಂದು ಕಪ್ ಒಣ ನವಣೆ ನೆನೆದ ಮೇಲೆ ಒಂದು ಕಪ್ಪಿಗಿಂತ ಹೆಚ್ಚಾಗುತ್ತದೆ. ಹಾಗಾಗಿ ನೆನೆದ ಮೇಲೆ ಅಳೆದ ಒಂದು ಕಪ್ಪಿನಲ್ಲಿ ಕಾಳಿನ ಪ್ರಮಾಣ ಕಡಮೆ. ಅದಕ್ಕೆ ಅದೇ ಎರಡು ಕಪ್ ನೀರು ಹಾಕಿದರೆ ಉಪ್ಪಿಟ್ಟು ಮುದ್ದೆಯಾಗುತ್ತದೆ. ಕ್ಯಾಪ್ಷನ್ ‘1 ಕಪ್ ನವಣೆಯನ್ನು ... ತೊಳೆದು ... ನೆನೆಸಿಟ್ಟುಕೊಂಡಿರಬೇಕು’ ಎಂದು ಅಳತೆಯನ್ನು ನೆನೆಸುವುದಕ್ಕೆ ಮೊದಲು ಇಟ್ಟಿದೆ. ಫಲಕ (2) ಅದಕ್ಕೆ ವಿರುದ್ಧವಾದ ಅರ್ಥವನ್ನು ಮುಂದೊಡ್ಡುತ್ತದೆ.

ನಾಮಪದದ ಬಗ್ಗೆಯೂ ಒಂದು ಮಾತು. ಮೊದಲ ಫಲಕ ‘ಸಿರಿಧಾನ್ಯ’ ಎನ್ನುತ್ತದೆ, ಎರಡನೆಯದು ‘ನವಣೆ’ ಎನ್ನುತ್ತದೆ. ‘ಸಿರಿಧಾನ್ಯ’ ಎಂಬುದು ರಾಗಿ, ಜೋಳ, ಸಜ್ಜೆಗಳನ್ನೂ ಒಳಗೊಳ್ಳುವ ವ್ಯಾಪಕ ಪದವಾಗಿ, ವಿಶೇಷವಾಗಿ ವಿಶ್ವಸಂಸ್ಥೆ ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದ 2023ರ ಆಸುಪಾಸಿನಲ್ಲಿ, ಎಲ್ಲೆಡೆ ಬಳಕೆಯಾಯಿತು. ಈ ಪಾಕವಿಧಾನದ ಅಳತೆ ಸಾಮೆಗೆ ಹೆಚ್ಚುಕಡಮೆ ಹೊಂದಬಹುದು, ಇಡಿಯ ಸಜ್ಜೆಗೆ ಹೊಂದಲಾರದು. ‘ನವಣೆ’ ಎಂಬುದೂ ಸಾಲದು. ಸಿಪ್ಪೆ ತೆಗೆದ ಕಾಳಿಗೆ ಕನ್ನಡದಲ್ಲಿ ‘ಅಕ್ಕಿ’ ಎಂಬ ಪದವಿದೆ. ಅದು ಭತ್ತದ ಅಕ್ಕಿಗೆ ಮಾತ್ರ ಸೀಮಿತವಲ್ಲ. ‘ಸಾಮೆ ಅಕ್ಕಿ’, ‘ನವಣೆ ಅಕ್ಕಿ’, ಉತ್ತರ ಕರ್ನಾಟಕದ ‘ನವಣಕ್ಕಿ’ ಈಗಲೂ ಜೀವಂತ ಪದಗಳು. ಅಂಗಡಿಯಲ್ಲಿ ನವಣೆ ರವೆಯೂ ಸಿಗುತ್ತದೆ. ‘ಉಪ್ಪಿಟ್ಟು’ ಎಂದೊಡನೆ ರವೆಯನ್ನೇ ನೆನೆಯುವ ಓದುಗರಿಗೆ, ಇಲ್ಲಿ ಬೇಕಾಗಿರುವುದು ರವೆಯಲ್ಲ ಅಕ್ಕಿ ಎಂದು ತಿಳಿಸುವ ಪದ ಅವರ ಭಾಷೆಯಲ್ಲಿಯೇ ಇದೆ. ರವೆಯ ಈ ನೆನಪು ಮುಂದಿನ ಭಾಗದಲ್ಲಿ ಇನ್ನೊಂದು ತೊಂದರೆಗೆ ಕಾರಣವಾಗುವುದನ್ನು ನೋಡಲಿದ್ದೇವೆ.

3. ‘ಬೇಯಿಸಿ’: ಕೃದಂತವೋ ವಿಧ್ಯರ್ಥವೋ

ಕನ್ನಡದಲ್ಲಿ ‘ಹಾಕಿ’ ಎಂಬ ಒಂದೇ ರೂಪ ಎರಡು ಕೆಲಸ ಮಾಡುತ್ತದೆ. ‘ಉಪ್ಪು ಹಾಕಿ ಕುದಿಸಿದಳು’ ಎಂಬಲ್ಲಿ ಅದು ಕೃದಂತಾವ್ಯಯ. ಮುಂದೊಂದು ಪೂರ್ಣ ಕ್ರಿಯಾಪದ ಬಂದೇ ಬರುತ್ತದೆಂಬ ನಿರೀಕ್ಷೆ ಅದರಲ್ಲಿದೆ. ‘ಉಪ್ಪು ಹಾಕಿ’ ಎಂದು ಅಲ್ಲಿಗೇ ನಿಲ್ಲಿಸಿದರೆ ಅದು ಮಧ್ಯಮಪುರುಷ ಬಹುವಚನದ ವಿಧ್ಯರ್ಥ. ಗ್ರಂಥಭಾಷೆಯ ‘ಹಾಕಿರಿ’ ಎಂಬ ರೂಪದಲ್ಲಿ ಈ ಗೊಂದಲವಿಲ್ಲ; ಕೊನೆಯ ‘-ರಿ’ ಬಿದ್ದುಹೋದ ಇಂದಿನ ದಕ್ಷಿಣದ ಶಿಷ್ಟ ಬರಹದಲ್ಲಿ ಎರಡೂ ಒಂದಾಗಿವೆ. ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಕೃದಂತ ‘ಹಾಕಿ’, ವಿಧ್ಯರ್ಥ ‘ಹಾಕ್ರಿ’ ಎಂಬ ಭೇದ ಉಳಿದಿದೆ. ನೆರೆಯ ಭಾಷೆಗಳಲ್ಲಿಯೂ ಇವು ಬೇರೆಬೇರೆ: ತಮಿಳಿನಲ್ಲಿ ‘ಪೋಟ್ಟು’ ಮತ್ತು ‘ಪೋಡುಂಗಳ್’, ತೆಲುಗಿನಲ್ಲಿ ‘ವೇಸಿ’ ಮತ್ತು ‘ವೇಯಂಡಿ’.

ಎಲ್ಲ ಧಾತುಗಳಲ್ಲಿಯೂ ಈ ಏಕರೂಪತೆ ಇಲ್ಲ ಎಂಬುದು ಇಲ್ಲಿ ಮುಖ್ಯ. ‘ತೊಳೆ’, ‘ಹುರಿ’ಯಂತಹ ಎಕಾರಾಂತ, ಇಕಾರಾಂತ ಧಾತುಗಳಲ್ಲಿ ‘ತೊಳೆದು’ – ‘ತೊಳೆಯಿರಿ’, ‘ಹುರಿದು’ – ‘ಹುರಿಯಿರಿ’ ಎಂದು ರೂಪಗಳು ಬೇರೆಯಾಗುತ್ತವೆ. ‘ಇಡು’, ‘ಬಿಡು’, ‘ಕೊಳ್ಳು’ ಮೊದಲಾದವುಗಳಲ್ಲಿ ‘ಇಟ್ಟು’ – ‘ಇಡಿ’, ‘ಬಿಟ್ಟು’ – ‘ಬಿಡಿ’, ‘ಕೊಂಡು’ – ‘ಕೊಳ್ಳಿ’ ಎಂದು ಬೇರೆಯಾಗುತ್ತವೆ. ಎರಡೂ ಒಂದಾಗುವುದು ‘ಹಾಕು’, ‘ಮುಚ್ಚು’, ‘ಮಾಡು’ಗಳಂತಹ ಉಕಾರಾಂತಗಳಲ್ಲಿ ಮತ್ತು ‘-ಇಸು’ ಹತ್ತಿದ ‘ಕುದಿಸು’, ‘ಬೇಯಿಸು’, ‘ನೆನೆಸು’ಗಳಂತಹ ಪ್ರೇರಣಾರ್ಥಕಗಳಲ್ಲಿ. ಅಡುಗೆಯ ಭಾಷೆಯಲ್ಲಿ ಈ ಎರಡನೆಯ ಗುಂಪೇ ದೊಡ್ಡದು.

ಆಡುವಾಗ ಈ ಸಂದಿಗ್ಧತೆ ಬಾಧಿಸುವುದಿಲ್ಲ. ಕೃದಂತದ ಕೊನೆಯಲ್ಲಿ ದನಿ ತೇಲುತ್ತದೆ, ವಿಧ್ಯರ್ಥದ ಕೊನೆಯಲ್ಲಿ ಇಳಿದು ನಿಲ್ಲುತ್ತದೆ. ಪುಸ್ತಕದಲ್ಲಿ ಅಲ್ಪವಿರಾಮ, ಪೂರ್ಣವಿರಾಮಗಳು ಆ ಕೆಲಸ ಮಾಡುತ್ತವೆ. ಮಾತಿಲ್ಲದ ವಿಡಿಯೊದ ಫಲಕಗಳಲ್ಲಿ ದನಿಯೂ ಇಲ್ಲ, ಕ್ರಿಯಾರೂಪದ ಕೊನೆಯಲ್ಲಿ ವಿರಾಮಚಿಹ್ನೆಯೂ ಇಲ್ಲ. ಫಲಕ ಬದಲಾಗುವುದು ವಾಕ್ಯ ಮುಗಿದುದರ ಗುರುತೋ ಅಥವಾ ದೃಶ್ಯ ಮುಗಿದುದರ ಗುರುತೋ ಎಂಬುದನ್ನು ಓದುಗನೇ ಊಹಿಸಬೇಕು.

ಹೆಚ್ಚಿನ ಕಡೆ ಈ ಊಹೆ ತಪ್ಪಿದರೂ ಹಾನಿಯಿಲ್ಲ. ‘ಕರಿಬೇವು ಫ್ರೈ ಮಾಡಿ’ ಎಂಬುದನ್ನು ಕೃದಂತವೆಂದು ಓದಿದರೂ ವಿಧ್ಯರ್ಥವೆಂದು ಓದಿದರೂ ಮುಂದಿನ ಹಂತ ತರಕಾರಿ ಹಾಕುವುದೇ. ಹಾನಿಯಾಗುವುದು ಎಂಟನೆಯ ಮತ್ತು ಒಂಬತ್ತನೆಯ ಫಲಕಗಳ ನಡುವೆ. ‘ಬೇಯಿಸಿ’ ಎಂಬುದನ್ನು ಕೃದಂತವೆಂದು ತೆಗೆದುಕೊಂಡರೆ ಎರಡು ಫಲಕಗಳು ಸೇರಿ ಒಂದು ವಾಕ್ಯವಾಗುತ್ತವೆ: ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ 5 ನಿಮಿಷ ಮುಚ್ಚಿ ಬಿಡಿ. ಬೇಯಿಸುವುದು ಮುಗಿದ ನಂತರದ ಐದು ನಿಮಿಷ ಎಂಬ ಅರ್ಥ ಬರುತ್ತದೆ. ಕ್ಯಾಪ್ಷನ್ನಿನ ಅರ್ಥವೂ ಇದೇ. ‘ಬೇಯಿಸಿ’ ಎಂಬುದನ್ನು ವಿಧ್ಯರ್ಥವೆಂದು ತೆಗೆದುಕೊಂಡರೆ ಎಂಟನೆಯ ಫಲಕ ಅಲ್ಲಿಗೇ ಮುಗಿದ ವಾಕ್ಯ. ಒಂಬತ್ತನೆಯದು ಅದರ ವಿವರಣೆಯಂತೆ ಕಾಣುತ್ತದೆ. ಎಷ್ಟು ಹೊತ್ತು ಮುಚ್ಚಿ ಬೇಯಿಸಬೇಕು? ಐದು ನಿಮಿಷ. ‘ಮುಚ್ಚಿ’ ಎಂಬ ಪದ ಎರಡೂ ಫಲಕಗಳಲ್ಲಿ ಪುನರಾವರ್ತನೆಯಾಗಿರುವುದು ಈ ಎರಡನೆಯ ಓದಿಗೆ ಪುಷ್ಟಿ ಕೊಡುತ್ತದೆ, ಏಕೆಂದರೆ ಆಗಲೇ ಮುಚ್ಚಿರುವ ಪಾತ್ರೆಯನ್ನು ಮತ್ತೆ ಮುಚ್ಚಲು ಯಾರೂ ಹೇಳುವುದಿಲ್ಲ. ಹಿಂದೆ ಹೇಳಿದುದನ್ನೇ ಸಮಯ ಸೇರಿಸಿ ಮತ್ತೆ ಹೇಳುತ್ತಿದ್ದಾರೆಂದೇ ಓದುಗ ತಿಳಿಯುತ್ತಾನೆ. ಉರಿ ಆರಿಸುವುದನ್ನು ಯಾವ ಫಲಕವೂ ಹೇಳಿಲ್ಲ.

ಚಿತ್ರವೇ ಇದನ್ನು ಬಿಡಿಸುತ್ತದೆಯಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರಿಸಬೇಕು. ಚಿತ್ರವು ಕ್ರಿಯೆಯನ್ನು ತೋರಿಸುತ್ತದೆ, ಅವಧಿಯನ್ನು ತೋರಿಸುವುದಿಲ್ಲ. ಮುಚ್ಚಳ ಹಾಕುವ ಕೈ, ಮರುಕ್ಷಣ ಮುಚ್ಚಳ ತೆಗೆಯುವ ಕೈ: ನಡುವೆ ಕಳೆದುದು ಐದು ನಿಮಿಷವೋ ಹದಿನೇಳು ನಿಮಿಷವೋ ದೃಶ್ಯದಿಂದ ತಿಳಿಯದು. ಬಟ್ಟಲಿನಲ್ಲಿರುವ ನವಣೆ ಈಗಷ್ಟೇ ತೊಳೆದುದೋ ಎರಡು ಗಂಟೆ ನೆನೆದುದೋ ಎಂಬುದೂ ಅಷ್ಟೆ. ಕಾಲವನ್ನು ಹೇಳುವ ಹೊಣೆ ಪೂರ್ತಿಯಾಗಿ ಬರಹದ ಮೇಲೆ ಬೀಳುವುದು ಈ ಪ್ರಕಾರದ ಲಕ್ಷಣ.

ಉಪ್ಪಿಟ್ಟು ಮಾಡಲು ಬಾರದವರು ಯಾರು, ಅನುಭವದಿಂದ ಸರಿಪಡಿಸಿಕೊಳ್ಳುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಆದರೆ ಆ ಅನುಭವ ಗೋಧಿ ರವೆಯದು. ಹುರಿದ ರವೆ ಕುದಿಯುವ ನೀರಿಗೆ ಬಿದ್ದರೆ ನಾಲ್ಕೈದು ನಿಮಿಷದಲ್ಲಿ ಬೆಂದುಹೋಗುತ್ತದೆ. ಆದ್ದರಿಂದ ‘5 ನಿಮಿಷ’ ಎಂಬುದು ಅನುಭವಸ್ಥರಿಗೆ ಅನುಮಾನವನ್ನು ಹುಟ್ಟಿಸುವುದಿಲ್ಲ. ಸಂದಿಗ್ಧವಾದ ರೂಪವನ್ನು ಓದುಗರು ತಮಗೆ ಗೊತ್ತಿರುವ ಲೋಕದ ಕಡೆಗೆ ಬಿಡಿಸಿಕೊಳ್ಳುತ್ತಾರೆ. ಇಲ್ಲಿ ಗೊತ್ತಿರುವ ಲೋಕವೇ ತಪ್ಪುದಾರಿ ತೋರಿಸುತ್ತದೆ.

ಈಗ ಭಾಷಾಮಿಶ್ರಣದ ಪ್ರಶ್ನೆಗೆ ಬರಬಹುದು. ‘ಫ್ರೈ ಮಾಡಿ’, ‘ಆಡ್ ಮಾಡಿ’, ‘ಮಿಕ್ಸ್ ಮಾಡಿ’ಗಳನ್ನು ಶುದ್ಧತೆಯ ಹೆಸರಿನಲ್ಲಿ ಆಕ್ಷೇಪಿಸುವುದರಲ್ಲಿ ನನಗೆ ಆಸಕ್ತಿಯಿಲ್ಲ. ಇಂಗ್ಲಿಷ್ ಕ್ರಿಯೆಗೆ ‘ಮಾಡು’ ಹತ್ತಿಸಿ ಕನ್ನಡದ ರೂಪಗಳನ್ನು ಪಡೆಯುವುದು ಸಹಜ ಮತ್ತು ವ್ಯವಸ್ಥಿತ. ಆದರೆ ಅದರ ಒಂದು ಪರಿಣಾಮವನ್ನು ಗಮನಿಸಬೇಕು. ‘ಮಾಡು’ ಧಾತುವಿನಲ್ಲಿ ಕೃದಂತವೂ ವಿಧ್ಯರ್ಥವೂ ‘ಮಾಡಿ’ಯೇ. ಹೀಗಾಗಿ ‘ಹುರಿದು’ – ‘ಹುರಿಯಿರಿ’ ಎಂದು ಭೇದ ತೋರಿಸುತ್ತಿದ್ದ ಧಾತುವಿನ ಜಾಗದಲ್ಲಿ ‘ಫ್ರೈ ಮಾಡಿ’ ಬಂದರೆ, ‘ತೊಳೆದು’ – ‘ತೊಳೆಯಿರಿ’ ಜಾಗದಲ್ಲಿ ‘ವಾಶ್ ಮಾಡಿ’ ಬಂದರೆ, ಆ ಭೇದವೂ ಅಳಿಯುತ್ತದೆ. ‘ಹಾಕಿ’ಯ ಬದಲು ‘ಆಡ್ ಮಾಡಿ’ ಬಂದರೆ ಏನೂ ನಷ್ಟವಿಲ್ಲ, ಏಕೆಂದರೆ ಅಲ್ಲಿ ಮೊದಲೇ ಭೇದವಿರಲಿಲ್ಲ. ಮಿಶ್ರಣದಿಂದ ನಷ್ಟವಾಗುವುದು ಎಲ್ಲೆಡೆಯೂ ಅಲ್ಲ, ಕೆಲವು ಧಾತುವರ್ಗಗಳಲ್ಲಿ ಮಾತ್ರ. ಆ ನಷ್ಟ ಪದದ್ದಲ್ಲ, ರೂಪಭೇದದ್ದು. ಫಲಕ (4)ರಲ್ಲಿ ಇದು ನಿರಪಾಯಕಾರಿ. ಮಿಶ್ರರೂಪವು ಫಲಕ (8)ರಂತಹ ಕಡೆ ಬಂದಾಗ ಮಾತ್ರ ಅದರ ಬೆಲೆ ತೆರಬೇಕಾಗುತ್ತದೆ.

4. ‘ನೆನೆಸಿಟ್ಟುಕೊಂಡಿರಬೇಕು’: ತಡವಾಗಿ ಬರುವ ಸತ್ಯ

ಫಲಕಗಳು ಬಿಟ್ಟದ್ದನ್ನೆಲ್ಲ ಕ್ಯಾಪ್ಷನ್ ಹೇಳಿದೆ. ಹಾಗಿದ್ದರೆ ದೂರೇನು ಎಂದು ಕೇಳಬಹುದು. ಉತ್ತರ ಅದರ ರಚನೆಯಲ್ಲಿದೆ. ಇಂತಹ ವೇದಿಕೆಗಳಲ್ಲಿ ಕ್ಯಾಪ್ಷನ್ನಿನ ಆರಂಭದ ಒಂದೆರಡು ಸಾಲುಗಳು ಮಾತ್ರ ತಾವಾಗಿ ಕಾಣುತ್ತವೆ. ಉಳಿದುದನ್ನು ಬೆರಳಿಟ್ಟು ತೆರೆಯಬೇಕು. ಈ ಪಠ್ಯದಲ್ಲಿ ಮಡಿಕೆಯ ಮೇಲಿನ ಭಾಗವೂ ಕೆಳಗಿನ ಭಾಗವೂ ಎರಡು ಬೇರೆ ಕನ್ನಡಗಳಲ್ಲಿವೆ. ಮೇಲೆ ‘ಇಲ್ವಾ’, ‘ಹಾಗಿದ್ರೆ’, ‘ಮಾಡೋಕೆ’ ಎಂಬ ಆಡುಮಾತು. ಅಲ್ಲಿ ಓದುಗರನ್ನು ಕರೆಯಲಾಗುತ್ತಿದೆ. ಕೆಳಗೆ ‘ನವಣೆಯನ್ನು’ ಎಂಬ ದ್ವಿತೀಯಾ ವಿಭಕ್ತಿಯ ಪೂರ್ಣರೂಪ, ‘-ಬೇಕು’ ಎಂಬ ವಿಧಾಯಕ. ಅದು ಪಾಕಪುಸ್ತಕದ ಬರಹ. ಕರೆಯುವ ಭಾಷೆ ಕಾಣಿಸುತ್ತದೆ, ಕಲಿಸುವ ಭಾಷೆ ಮಡಿಕೆಯೊಳಗೆ ಉಳಿಯುತ್ತದೆ.

ಮಡಿಕೆಯನ್ನು ತೆರೆದವರಿಗೆ ಸಿಗುವ ಮೊದಲ ಸೂಚನೆ ‘ನೆನೆಸಿಟ್ಟುಕೊಂಡಿರಬೇಕು’. ಈ ಪದವನ್ನು ಬಿಡಿಸಿದರೆ ‘ನೆನೆಸಿ’, ‘ಇಟ್ಟು’, ‘ಕೊಂಡು’, ‘ಇರ’, ‘ಬೇಕು’ ಎಂಬ ಐದು ಪದರಗಳು. ‘ಇಡು’ ಮುಂದಿನ ಬಳಕೆಗೆಂದು ಮಾಡಿಡುವುದನ್ನು ಹೇಳುತ್ತದೆ, ‘ಕೊಳ್ಳು’ ಕರ್ತೃವು ತನಗಾಗಿ ಮಾಡಿಕೊಳ್ಳುವುದನ್ನು. ‘ಇರು’ ಆ ಸ್ಥಿತಿ ಈ ಹೊತ್ತಿಗಾಗಲೇ ಸಿದ್ಧವಾಗಿರುವುದನ್ನು, ‘ಬೇಕು’ ಅದರ ಅಗತ್ಯವನ್ನು. ಸಹಾಯಕ ಕ್ರಿಯೆಗಳ ಇಷ್ಟು ಸೂಕ್ಷ್ಮವಾದ ಹೆಣಿಗೆಯನ್ನು ಮೆಚ್ಚಲೇಬೇಕು. ಆದರೆ ಅದರ ಕಾಲವನ್ನು ಗಮನಿಸಿ. ‘ನೆನೆಸಿಡಿ’ ಎಂಬುದು ಇನ್ನು ಮುಂದೆ ಮಾಡಬೇಕಾದುದನ್ನು ಹೇಳುತ್ತದೆ. ‘ನೆನೆಸಿಟ್ಟುಕೊಂಡಿರಬೇಕು’ ಎಂಬುದು ಇಷ್ಟರಲ್ಲೇ ಆಗಿರಬೇಕಾದುದನ್ನು ಹೇಳುತ್ತದೆ. ‘ಬೆಳಗ್ಗೆ ಟೈಮ್ ಇಲ್ವಾ?’ ಎಂಬ ಪ್ರಶ್ನೆಗೆ ಹೌದೆಂದು ಓಗೊಟ್ಟು ಬಂದವರಿಗೆ ಎರಡು ಗಂಟೆ ಮೊದಲೇ ಮಾಡಿರಬೇಕಾಗಿದ್ದ ಕೆಲಸವೊಂದನ್ನು ಅದು ತಿಳಿಸುತ್ತದೆ. ಫಲಕದ ‘ನೆನೆಸಿದ’ ಮತ್ತು ಕ್ಯಾಪ್ಷನ್ನಿನ ‘ನೆನೆಸಿಟ್ಟುಕೊಂಡಿರಬೇಕು’ ಎರಡೂ ನೆನೆಸುವುದನ್ನು ಪಠ್ಯದ ವರ್ತಮಾನಕ್ಕಿಂತ ಹಿಂದೆಯೇ ಇಡುತ್ತವೆ. ಇಡೀ ಪಠ್ಯದಲ್ಲಿ ನೆನೆಸಿ ಎಂದು ಹೇಳುವ ಪೂರ್ಣ ಕ್ರಿಯಾಪದ ಒಂದೂ ಇಲ್ಲ.

ಕ್ಯಾಪ್ಷನ್ನಿನ ಲೆಕ್ಕವನ್ನೇ ಹಿಡಿದರೆ, ಒಗ್ಗರಣೆ ತರಕಾರಿಗೆ ಐದಾರು ನಿಮಿಷ, ನೀರು ಕುದಿ ಬರಲು ಮೂರು ನಾಲ್ಕು, ಬೇಯಲು ಹತ್ತು ಹನ್ನೆರಡು, ಮುಚ್ಚಿಡಲು ಐದು. ಒಟ್ಟು ಸುಮಾರು ಇಪ್ಪತ್ತೈದು ನಿಮಿಷ. ನೆನೆಸುವ ಎರಡು ಗಂಟೆ ಬೇರೆ. ‘10 ನಿಮಿಷ’ ಎಂಬುದು ಹೆಚ್ಚೆಂದರೆ ಈ ಸರಪಳಿಯ ಒಂದು ಕೊಂಡಿಯ ಅವಧಿ. ಇದನ್ನು ಸುಳ್ಳು ಎಂದು ಕರೆಯಲು ನಾನು ಹಿಂಜರಿಯುತ್ತೇನೆ. ಪಠ್ಯದಲ್ಲಿ ಸುಳ್ಳು ಹೇಳಿದ ವಾಕ್ಯವನ್ನು ಬೆರಳಿಟ್ಟು ತೋರಿಸುವುದು ಕಷ್ಟ. ಕಾಲವನ್ನು ಹೇಳುವ ಪ್ರತಿಯೊಂದು ರೂಪವನ್ನೂ ಲೆಕ್ಕಕ್ಕೆ ಬಾರದ ಸ್ಥಾನದಲ್ಲಿ ಇಟ್ಟುದರಿಂದ ಆ ಅಂಕಿ ಸಾಧ್ಯವಾಗಿದೆ.

5. ‘ಬೇಯಲಿ’: ಕೈಗೆಟಕುವ ಪರಿಹಾರ

ವಿಮರ್ಶೆಯು ತೋರಿಸಿದ ದೋಷವನ್ನು ಅದೇ ಪ್ರಕಾರದ ಮಿತಿಯೊಳಗೆ ತಿದ್ದಲು ಸಾಧ್ಯವೇ ಎಂದು ಪರೀಕ್ಷಿಸುವುದು ನ್ಯಾಯ. ಫಲಕ ಚಿಕ್ಕದು, ಕಣ್ಣು ನಿಲ್ಲುವ ಹೊತ್ತು ಕಡಮೆ. ‘ಹಾಕಿರಿ’, ‘ಬೇಯಿಸಿರಿ’ ಎಂದು ಹಳೆಯ ರೂಪಕ್ಕೆ ಮರಳಿದರೆ ಭೇದ ಉಳಿಯುತ್ತದೆ, ಆದರೆ ಇಂದಿನ ಕಿವಿಗೆ ಅದು ಪಠ್ಯಪುಸ್ತಕದ ದನಿ. ಪ್ರತಿ ಸಾಲಿಗೂ ಪೂರ್ಣವಿರಾಮ ಹಾಕುವುದು ಸುಲಭದ ದಾರಿ. ಅದರಿಂದ ವಾಕ್ಯ ಮುಗಿದುದು ತಿಳಿಯುತ್ತದೆಯೇ ಹೊರತು ಬೇಯಿಸುವುದು ಎಲ್ಲಿಗೆ ಮುಗಿಯಬೇಕೆಂಬುದು ತಿಳಿಯುವುದಿಲ್ಲ.

ಇನ್ನೊಂದು ದಾರಿ ಮನೆಯ ಅಡುಗೆಮಾತಿನಲ್ಲಿಯೇ ಇದೆ. ಹೇಳಿಕೊಡುವವರು ‘ನೀರು ಕುದಿಯಲಿ, ಆಮೇಲೆ ಹಾಕು’, ‘ಸ್ವಲ್ಪ ಹೊತ್ತು ಬೇಯಲಿ’ ಎನ್ನುತ್ತಾರೆ. ವ್ಯಾಕರಣದ ಮಾತಿನಲ್ಲಿ ಇದು ಪ್ರಥಮಪುರುಷದ ವಿಧ್ಯರ್ಥ. ‘ಕುದಿಸಿ’, ‘ಬೇಯಿಸಿ’ ಎಂಬ ಪ್ರೇರಣಾರ್ಥಕಗಳು ಅಡುಗೆ ಮಾಡುವವರ ಕ್ರಿಯೆಯನ್ನು ಹೇಳುತ್ತವೆ. ಆ ಕ್ರಿಯೆ ಎಲ್ಲಿ ಮುಗಿಯುತ್ತದೆ ಎಂಬುದು ಅವುಗಳಲ್ಲಿಲ್ಲ. ‘ಕುದಿಯಲಿ’, ‘ಬೇಯಲಿ’ ಎಂದಾಗ ಕರ್ತೃ ನೀರು ಅಥವಾ ಕಾಳು. ಅದು ತನ್ನ ಸ್ಥಿತಿಯನ್ನು ಮುಟ್ಟುವವರೆಗೆ ಕಾಯುವುದು ಮನುಷ್ಯರ ಪಾಲಿನ ಕೆಲಸ. ಕಾಯುವುದನ್ನು ಹೇಳಲು ಕನ್ನಡಕ್ಕೆ ಬೇರೆ ಕ್ರಿಯಾಪದವೇ ಬೇಕಾಗಿಲ್ಲ. ರೂಪದ ದೃಷ್ಟಿಯಿಂದಲೂ ‘-ಅಲಿ’ ಯಾವ ಕೃದಂತದೊಡನೆಯೂ ಬೆರೆಯುವುದಿಲ್ಲ. ಉದ್ದವೂ ಅಡ್ಡಿಯಲ್ಲ: ‘ಬೇಯಿಸಿ’ಗೂ ‘ಬೇಯಲಿ’ಗೂ ಮೂರೇ ಅಕ್ಷರ, ‘ಕುದಿಸಿ’ಗಿಂತ ‘ಕುದಿಯಲಿ’ ಒಂದಕ್ಷರ ಹೆಚ್ಚು.

ಈ ರೂಪಗಳನ್ನು ಬಳಸಿ, ಮೊದಲಿಗಿಂತ ಒಂದು ಫಲಕ ಕಡಮೆ ಮಾಡಿ, ಪಠ್ಯವನ್ನು ಹೀಗೆ ಬರೆಯಬಹುದು:

(1′) ನವಣೆ ಉಪ್ಪಿಟ್ಟು: ರಾತ್ರಿ ನೆನೆಸಿಡಿ, ಬೆಳಗ್ಗೆ 25 ನಿಮಿಷ
(2′) ನವಣೆ ಅಕ್ಕಿ 1 ಕಪ್. ತೊಳೆದು, ಕನಿಷ್ಠ 2 ಗಂಟೆ ನೆನೆಸಿಡಿ
(3′) ಎಣ್ಣೆ ಕಾಯಲಿ. ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ ಹಾಕಿ
(4′) ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ತರಕಾರಿ ಹುರಿಯಿರಿ
(5′) ನೀರು 2 ಕಪ್, ಉಪ್ಪು. ಕುದಿಯಲಿ
(6′) ನೀರು ಬಸಿದು ನವಣೆ ಹಾಕಿ
(7′) ಮುಚ್ಚಿಡಿ. ಸಣ್ಣ ಉರಿಯಲ್ಲಿ 12 ನಿಮಿಷ ಬೇಯಲಿ
(8′) ಉರಿ ಆರಿಸಿದ ಮೇಲೆ 5 ನಿಮಿಷ ಮುಚ್ಚಿಯೇ ಇರಲಿ

(2′)ರಲ್ಲಿ ಅಳತೆ ಮೊದಲು, ನೆನೆಸುವುದು ಆಮೇಲೆ. ‘ನೆನೆಸಿಡಿ’ಯಲ್ಲಿ ‘ಇಡು’ ಇರುವುದರಿಂದ ಅದು ಕೃದಂತವಾಗಿ ಓದಿಸಿಕೊಳ್ಳಲಾರದು. (6′)ರ ‘ಬಸಿದು’ ನೆನೆದ ನೀರು ಎರಡು ಕಪ್ಪಿನ ಲೆಕ್ಕಕ್ಕೆ ಸೇರದೆಂಬುದನ್ನೂ ತಿಳಿಸುತ್ತದೆ. (8′)ರಲ್ಲಿ ‘ಆರಿಸಿ’ ಎನ್ನದೆ ‘ಆರಿಸಿದ ಮೇಲೆ’ ಎಂದಿರುವುದರಿಂದ ಐದು ನಿಮಿಷದ ಎಣಿಕೆ ಎಲ್ಲಿಂದ ಆರಂಭ ಎಂಬುದು ನಿಶ್ಚಿತವಾಗುತ್ತದೆ. ‘ಹಾಕಿ’ಯನ್ನು ಎರಡು ಕಡೆ ಹಾಗೆಯೇ ಉಳಿಸಿದೆ, ಅಲ್ಲಿ ಸಂದಿಗ್ಧತೆಯಿಂದ ಅಡುಗೆ ಕೆಡುವುದಿಲ್ಲ. ಎಲ್ಲ ಸಂದಿಗ್ಧತೆಯನ್ನೂ ನಿವಾರಿಸುವುದು ಗುರಿಯಲ್ಲ, ಕಾಲ ಅಡಗಿರುವ ಕಡೆ ನಿವಾರಿಸಿದರೆ ಸಾಕು.

ಈ ತಿದ್ದುಪಡಿ ಉಚಿತವಾಗಿ ಬಂದುದಲ್ಲ. ‘10 ನಿಮಿಷ’ ಎಂಬ ಆಕರ್ಷಣೆ ಹೋಯಿತು. ಅದನ್ನು ಬಿಟ್ಟುಕೊಡಲು ವಿಡಿಯೊ ಮಾಡುವವರು ಒಪ್ಪುವರೇ ಎಂಬುದು ವ್ಯಾಕರಣದ ಪ್ರಶ್ನೆಯಲ್ಲ. ಒಂದು ಪಠ್ಯದಿಂದ ಪ್ರಕಾರದ ಬಗ್ಗೆ ಸಾಮಾನ್ಯ ನಿಯಮವನ್ನು ಹೊರಡಿಸುವುದೂ ಸಲ್ಲದು. ಆದರೆ ಪರೀಕ್ಷಿಸಬಹುದಾದ ಒಂದು ಊಹೆಯನ್ನು ಇಡಬಹುದು: ಮಾತಿಲ್ಲದ ಕನ್ನಡ ಪಾಕವಿಡಿಯೊಗಳಲ್ಲಿ ಓದುಗರ ತಪ್ಪುಗ್ರಹಿಕೆ, ಇಂಗ್ಲಿಷ್ ಪದಗಳ ಸಂಖ್ಯೆಗಿಂತ ಹೆಚ್ಚಾಗಿ, ಅವಧಿಸೂಚಕ ಫಲಕದ ಹಿಂದಿನ ಫಲಕ ‘-ಇ’ಯಲ್ಲಿ ಕೊನೆಗೊಳ್ಳುತ್ತದೆಯೇ ಎಂಬುದನ್ನು ಅವಲಂಬಿಸಿರುತ್ತದೆ. ‘ಬೇಯಿಸಿ / 5 ನಿಮಿಷ ಮುಚ್ಚಿ ಬಿಡಿ’ ಮತ್ತು ‘ಬೇಯಲಿ / 5 ನಿಮಿಷ ಮುಚ್ಚಿ ಬಿಡಿ’ ಎಂಬ ಎರಡು ಜೋಡಿಗಳನ್ನು ಓದುಗರಿಗೆ ತೋರಿಸಿ, ಒಲೆಯನ್ನು ಯಾವಾಗ ಆರಿಸುತ್ತೀರಿ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಕೃದಂತ, ವಿಧ್ಯರ್ಥಗಳ ಭೇದ ಉಳಿದಿರುವ ಉತ್ತರ ಕರ್ನಾಟಕದ ಓದುಗರು ದಕ್ಷಿಣದ ಈ ಶಿಷ್ಟರೂಪವನ್ನು ಹೇಗೆ ಬಿಡಿಸಿಕೊಳ್ಳುತ್ತಾರೆ ಎಂಬುದನ್ನು ಅದೇ ಪ್ರಯೋಗದಲ್ಲಿ ಬೇರೆಯಾಗಿ ನೋಡಬೇಕು. ‘ಬೇಯಿಸಿ’ ಎಂಬುದು ಅವರ ಆಡುನುಡಿಯಲ್ಲಿ ಕೃದಂತ ಮಾತ್ರವಾಗಿರುವುದರಿಂದ, ಕ್ಯಾಪ್ಷನ್ ತೆರೆಯದೆಯೇ ಅವರು ಸರಿಯಾದ ಅರ್ಥಕ್ಕೆ ಬರುವ ಸಂಭವ ಹೆಚ್ಚೆಂದು ನನ್ನ ನಿರೀಕ್ಷೆ.